ಹಳೆ ಟೈಲ್ಸ್ ಒಡೆಯದೆ ಬಾತ್‌ರೂಮಿಗೆ ಹೊಸ ಟೈಲ್ಸ್: ಎತ್ತರ, ಟೊಳ್ಳು, ಅಂಟು

ಟೈಲ್ಸ್ ಅಂಗಡಿಗೆ ಹೋಗುವ ಮೊದಲು ಒಂದು ಸ್ಟೀಲ್ ಸ್ಕೇಲ್, ಒಂದು ಐದು ರೂಪಾಯಿ ನಾಣ್ಯ, ಒಂದು ಸೀಮೆಸುಣ್ಣ ಹಿಡಿದು ಬಾತ್‌ರೂಮಿಗೆ ಹೋಗಿ. ಹಳೆ ಟೈಲ್ಸ್ ಮೇಲೆ ಹೊಸದು ಹಾಕಿಸಬಹುದಾ ಇಲ್ಲವಾ ಅನ್ನೋದು ಅಲ್ಲೇ ಗೊತ್ತಾಗುತ್ತದೆ. ಡಿಸೈನು, ಬಣ್ಣ, ಮೇಸ್ತ್ರಿಯ ರೇಟು ಎಲ್ಲ ಆಮೇಲಿನ ಮಾತು.

ಒಡೆಯದೆ ಹಾಕಿಸೋದಕ್ಕೆ ಕಾರಣ ಬೇಕಾದಷ್ಟಿವೆ. ಧೂಳಿಲ್ಲ, ಡೆಬ್ರಿ ಮೂಟೆಗಳನ್ನು ಲಿಫ್ಟಿನಲ್ಲಿ ಇಳಿಸುವ ರಗಳೆ ಇಲ್ಲ, ಕೆಳಗಿನ ಮನೆಯವರ ಜೊತೆ ಜಗಳವಿಲ್ಲ, ಗೋಡೆಯೊಳಗಿನ ಪೈಪಿಗೆ ಉಳಿ ತಾಗುವ ಭಯವೂ ಇಲ್ಲ. ಆದರೆ ನನ್ನ ಅಭಿಪ್ರಾಯ ಮೊದಲೇ ಹೇಳಿಬಿಡ್ತೀನಿ. ಗೋಡೆಗೆ ಈ ವಿಧಾನ ಬಹುತೇಕ ಸಲ ಸರಿಹೋಗುತ್ತದೆ. ನೆಲದ ವಿಷಯದಲ್ಲಿ ಹಾಗಲ್ಲ. ಗೋಡೆಗೆ ಮೇಲೆ ಅಂಟಿಸಿ, ನೆಲ ಮಾತ್ರ ಒಡೆದು ಹೊಸದಾಗಿ ಮಾಡೋದೇ ಸರಿಯಾದ ದಾರಿ ಆಗಿರುವ ಮನೆಗಳು ಸಾಕಷ್ಟಿವೆ.

ಉದಾಹರಣೆಗೆ ಬೆಂಗಳೂರಿನ ಹಳೆ ಅಪಾರ್ಟ್‌ಮೆಂಟುಗಳಲ್ಲಿ ಮಾಮೂಲಾಗಿ ಸಿಗುವ ಒಂದು ಬಾತ್‌ರೂಮು ತಗೊಳ್ಳೋಣ. 5 ಅಡಿ ಅಗಲ, 8 ಅಡಿ ಉದ್ದ. ಬೆಡ್‌ರೂಮಿಗೆ ಅಂಟಿಕೊಂಡಿದೆ. ನೆಲಕ್ಕೆ ಒಂದಡಿ ಚೌಕದ ಟೈಲ್ಸ್ 40. ಗೋಡೆಗೆ 7 ಅಡಿ ಎತ್ತರದವರೆಗೆ 8 ಇಂಚು 12 ಇಂಚಿನ ಟೈಲ್ಸ್. ಬಾಗಿಲಿನ ಜಾಗ ಬಿಟ್ಟರೆ ಗೋಡೆ ಸುಮಾರು 165 ಚದರಡಿ.

ಮೊದಲು ಹೊಸ್ತಿಲಲ್ಲಿ ಅಳೆಯಿರಿ

ಬಾಗಿಲಲ್ಲಿ ಗ್ರಾನೈಟ್ ಪಟ್ಟಿ ಇರುತ್ತದಲ್ವಾ, ಅದರ ಮೇಲ್ಮೈಯಿಂದ ಬಾತ್‌ರೂಮಿನ ಒಳಗಿನ ನೆಲ ಎಷ್ಟು ತಗ್ಗಿದೆ ಅಂತ ಮಿಲಿಮೀಟರಿನಲ್ಲಿ ಅಳೆಯಿರಿ. ಪಟ್ಟಿಯ ಎರಡೂ ತುದಿಯಲ್ಲಿ ಅಳೆದು ಕಡಿಮೆ ಬಂದ ಅಳತೆಯನ್ನೇ ಬರೆದಿಟ್ಟುಕೊಳ್ಳಿ.

ಈಗ ಹೊಸ ಪದರ ಎಷ್ಟು ದಪ್ಪ ಆಗುತ್ತದೆ ನೋಡೋಣ. ನೆಲದ ಟೈಲ್ಸ್ ಸಾಧಾರಣವಾಗಿ 8ರಿಂದ 9 ಮಿ.ಮೀ. ಅದರ ಕೆಳಗೆ ಒತ್ತಿದ ಮೇಲೆ ಉಳಿಯುವ ಅಂಟು 3ರಿಂದ 4 ಮಿ.ಮೀ. ಒಟ್ಟು 12 ಅಂತ ಹಿಡಿಯಿರಿ. ನಮ್ಮ ಬಾತ್‌ರೂಮಿನಲ್ಲಿ ಹೊಸ್ತಿಲಿನ ತಗ್ಗು 22 ಮಿ.ಮೀ. ಸಿಕ್ಕಿತು ಅಂದುಕೊಳ್ಳಿ. ಹೊಸ ಟೈಲ್ಸ್ ಬಿದ್ದ ಮೇಲೆ 10 ಉಳಿಯುತ್ತದೆ. ಇದು ನಡೆಯುತ್ತದೆ. ಅದೇ 15 ಇದ್ದಿದ್ದರೆ ಉಳಿಯೋದು ಬರೀ 3. ಒಂದು ದಿನ ಜಾಲಿಗೆ ಕೂದಲು ಕಟ್ಟಿಕೊಂಡರೆ ಸಾಕು, ನೀರು ಸೀದಾ ಬೆಡ್‌ರೂಮಿಗೆ ಬರುತ್ತದೆ. ನಾನಾದರೆ 8 ಮಿ.ಮೀ.ಗಿಂತ ಕಡಿಮೆ ಉಳಿಯುವ ಕಡೆ ನೆಲದ ಮೇಲೆ ನೆಲ ಹಾಕಿಸುವುದಿಲ್ಲ.

ಹಾಗಾದಾಗ ಮೇಸ್ತ್ರಿಗಳು ಹೇಳುವ ಸುಲಭ ಉಪಾಯ ಒಂದಿದೆ. ಹಳೆ ಪಟ್ಟಿಯ ಮೇಲೆ ಇನ್ನೊಂದು ಗ್ರಾನೈಟ್ ಪಟ್ಟಿ ಕೂರಿಸಿಬಿಡೋದು. ನೀರು ಹೊರಗೆ ಬರಲ್ಲ, ನಿಜ. ಆದರೆ ಪಟ್ಟಿ ಬೆಡ್‌ರೂಮಿನ ನೆಲಕ್ಕಿಂತ ಮುಕ್ಕಾಲು ಇಂಚು ಮೇಲೆ ನಿಲ್ಲುತ್ತದೆ. ಮನೆಯಲ್ಲಿ ವಯಸ್ಸಾದವರಿದ್ದರೆ ರಾತ್ರಿ ಎದ್ದಾಗ ಕಾಲು ಎಡವುವ ಜಾಗ ಅದೇ. ತೆಳು ಟೈಲ್ಸ್ ಇನ್ನೊಂದು ದಾರಿ, 5–6 ಮಿ.ಮೀ. ದಪ್ಪದ್ದೂ ಸಿಗುತ್ತದೆ. ಅದಕ್ಕೆ ಕೆಳಗಿನ ನೆಲ ಕನ್ನಡಿಯ ಹಾಗೆ ಸಮ ಇರಬೇಕು, ಅಂಟು ಎಲ್ಲೂ ಬಿಡದೆ ತುಂಬಿರಬೇಕು. ಇಲ್ಲದಿದ್ದರೆ ಬಕೆಟ್ ಕುಕ್ಕಿದ ಕಡೆ ಬಿರುಕು ಬಿಡುತ್ತದೆ.

ಹೊಸ್ತಿಲಿನ ತಗ್ಗಿನ ಜೊತೆಗೆ ವಾಟವನ್ನೂ, ಅಂದರೆ ನೀರು ಹರಿಯಲು ನೆಲಕ್ಕಿರುವ ಇಳಿಜಾರನ್ನೂ ನೋಡಬೇಕು. ಬಾಗಿಲಿಂದ, ನೀರು ಹೊರಹೋಗುವ ನಹಾನಿ ಟ್ರ್ಯಾಪಿಗೆ 7 ಅಡಿ ದೂರ ಅಂದರೆ ಸುಮಾರು 2.1 ಮೀಟರ್. ನೂರಕ್ಕೆ ಒಂದು ವಾಟ ಬೇಕಾದರೆ ಟ್ರ್ಯಾಪಿನ ಹತ್ತಿರ ನೆಲ 21 ಮಿ.ಮೀ. ತಗ್ಗಿರಬೇಕು. ರಸಮಟ್ಟ ಇಟ್ಟೋ ನೀರಿನ ಟ್ಯೂಬ್ ಹಿಡಿದೋ ನೋಡಿ. ಇನ್ನೂ ಸುಲಭ ಅಂದರೆ ನಾಲ್ಕು ಚೊಂಬು ನೀರು ಸುರಿದು ಹತ್ತು ನಿಮಿಷ ಬಿಟ್ಟು ಎಲ್ಲಿ ನಿಂತಿದೆ ಅಂತ ಗುರುತು ಹಾಕಿ. ಹೊಸ ಟೈಲ್ಸ್ ಹಳೆ ವಾಟವನ್ನೇ ಹಿಂಬಾಲಿಸುತ್ತದೆ. ಸಣ್ಣ ಗುಂಡಿಯನ್ನು ಹಿಂದಿನ ದಿನವೇ ಅಂಟಿನಲ್ಲಿ ತುಂಬಿ ಸರಿಮಾಡಬಹುದು. ಆದರೆ ಇಡೀ ನೆಲದ ವಾಟವೇ ತಪ್ಪಿದ್ದರೆ ಅಂಟನ್ನು ಒಂದು ಕಡೆ 15 ಮಿ.ಮೀ. ಪೇರಿಸಿ ಸರಿಮಾಡಲು ಹೋಗಬೇಡಿ. ಅಷ್ಟು ದಪ್ಪದ ಅಂಟು ಒಣಗುವಾಗ ಕುಗ್ಗುತ್ತದೆ, ಟೈಲ್ಸನ್ನೂ ಎಳೆಯುತ್ತದೆ. ಅಂಥ ನೆಲವನ್ನು ಒಡೆಯಲೇಬೇಕು.

ಇನ್ನೊಂದು ಪ್ರಶ್ನೆ: ಕೆಳಗಿನ ಮನೆಯ ಸೀಲಿಂಗಿನಲ್ಲಿ ಈಗಾಗಲೇ ತೇವ ಇದೆಯಾ? ಇದ್ದರೆ ಮೇಲೆ ಟೈಲ್ಸ್ ಹಾಕೋದು ಪರಿಹಾರ ಅಲ್ಲ. ನೀರು ಸೋರುತ್ತಿರೋದು ಜಾಯಿಂಟಿನಿಂದಲೋ, ಟ್ರ್ಯಾಪಿನ ಸುತ್ತಲಿನಿಂದಲೋ, ಪೈಪಿನಿಂದಲೋ ಗೊತ್ತಾಗಬೇಕು. ಟ್ರ್ಯಾಪಿನ ಬಾಯಿಗೆ ಬಟ್ಟೆ, ಪ್ಲಾಸ್ಟಿಕ್ ಬಿಗಿದು, ಹೊಸ್ತಿಲು ದಾಟದಷ್ಟು ನೀರು ಕಟ್ಟಿ ಒಂದು ದಿನ ಬಿಟ್ಟು ನೋಡಿ. ಕೆಳಗೆ ತೇವ ಬಂದರೆ ನೆಲ ಒಡೆದು ವಾಟರ್‌ಪ್ರೂಫಿಂಗ್ ಮಾಡಿಸಿಯೇ ಮುಂದಿನ ಕೆಲಸ.

ತಟ್ಟಿ ನೋಡುವುದು

ಹಳೆ ಟೈಲ್ಸ್ ಗಟ್ಟಿಯಾಗಿ ಕೂತಿದ್ದರೆ ಮಾತ್ರ ಹೊಸದಕ್ಕೆ ಆಧಾರ. ಗೋಡೆಯಲ್ಲಿ ಇದು ಇನ್ನೂ ಮುಖ್ಯ. ಹೊಸ ಟೈಲ್ಸ್ ಮತ್ತು ಅಂಟು ಸೇರಿ ಒಂದು ಚದರ ಮೀಟರಿಗೆ ಸುಮಾರು 20 ಕೆ.ಜಿ. ಅಂತ ಹಿಡಿದರೂ ನಮ್ಮ ಬಾತ್‌ರೂಮಿನ ಗೋಡೆಗಳ ಮೇಲೆ 300 ಕೆ.ಜಿ. ಹೊಸ ಭಾರ ಬೀಳುತ್ತದೆ. ಅದನ್ನೆಲ್ಲ ಹಿಡಿದುಕೊಳ್ಳೋದು ಹಳೆ ಟೈಲ್ಸ್ ಹಿಂದಿನ ಸಿಮೆಂಟು.

ಫ್ಯಾನ್, ಮೋಟರ್ ಎಲ್ಲ ಆಫ್ ಮಾಡಿ. ನಾಣ್ಯದ ಅಂಚಿನಿಂದ ಪ್ರತಿ ಟೈಲನ್ನೂ ಐದು ಕಡೆ ತಟ್ಟಿ, ನಾಲ್ಕು ಮೂಲೆ ಮತ್ತು ನಡುವೆ. ಗಟ್ಟಿ ಕೂತ ಟೈಲು ಚುಟುಕಾಗಿ 'ಟಕ್' ಅನ್ನುತ್ತದೆ. ಟೊಳ್ಳಾದದ್ದು 'ಡಬ್' ಅಂತ ಡಬ್ಬಿ ಬಡಿದ ಹಾಗೆ ಸದ್ದು ಕೊಡುತ್ತದೆ. ಮೊದಲು ಯಾವುದೋ ಒಂದು ಗಟ್ಟಿ ಟೈಲನ್ನು ಹುಡುಕಿ ಅದರ ಸದ್ದು ಕಿವಿಗೆ ಹಿಡಿಸಿಕೊಳ್ಳಿ, ಆಮೇಲೆ ಸಾಲಾಗಿ ಹೋಗಿ. ಟೊಳ್ಳು ಸಿಕ್ಕ ಕಡೆ ಸೀಮೆಸುಣ್ಣದಲ್ಲಿ ಗೆರೆ ಹಾಕಿ. ಪೂರ್ತಿ ಟೊಳ್ಳಾದರೆ ಇಂಟು ಗುರುತು, ಮೂಲೆ ಮಾತ್ರ ಟೊಳ್ಳಾದರೆ ಆ ಮೂಲೆಗೊಂದು ಅಡ್ಡಗೆರೆ.

ಗುರುತೆಲ್ಲ ಹಾಕಿದ ಮೇಲೆ ಹಿಂದೆ ಸರಿದು ನಿಂತು ಒಟ್ಟಾಗಿ ನೋಡಿ. ಎಷ್ಟು ಟೊಳ್ಳಿವೆ ಅನ್ನೋದಕ್ಕಿಂತ ಎಲ್ಲಿ ಗುಂಪುಗೂಡಿವೆ ಅನ್ನೋದು ಜಾಸ್ತಿ ಹೇಳುತ್ತದೆ.

ಗೋಡೆಯ ತುಂಬ ಮೂಲೆಗಳಲ್ಲಿ ಮಾತ್ರ ಟೊಳ್ಳು, ನಡುವೆ ಗಟ್ಟಿ ಅಂತ ಬಂದರೆ ಗಾಬರಿ ಬೇಡ. ಹಳೆ ಕಾಲದ ಕೆಲಸವೇ ಹಾಗೆ. ಟೈಲಿನ ಬೆನ್ನಿಗೆ ಸಿಮೆಂಟಿನ ಮುದ್ದೆ ಇಟ್ಟು ಗೋಡೆಗೆ ಒತ್ತುತ್ತಿದ್ದರು, ಮೂಲೆವರೆಗೆ ಸಿಮೆಂಟು ಹೋಗುತ್ತಲೇ ಇರಲಿಲ್ಲ. ಅಂಥ ಟೈಲಿನ ಮೂಲೆಯನ್ನು ಹೆಬ್ಬೆರಳಿನಿಂದ ಜೋರಾಗಿ ಒತ್ತಿ. ಜಾಯಿಂಟಿನಲ್ಲಿ ಕೂದಲೆಳೆಯ ಬಿರುಕು ಕಾಣದೆ, ಅಲುಗದೆ ಇದ್ದರೆ ಬಿಡಿ. ಆದರೆ ಟೈಲಿನ ಅರ್ಧಕ್ಕಿಂತ ಜಾಸ್ತಿ ಟೊಳ್ಳಾಗಿದ್ದರೆ, ಅಥವಾ ಸುತ್ತಲಿನ ಜಾಯಿಂಟಿಗೆ ತುಂಬಿದ ಗ್ರೌಟು ಬಿರುಕು ಬಿಟ್ಟಿದ್ದರೆ ಅದನ್ನು ತೆಗೆಯಲೇಬೇಕು.

ನೆಲದಲ್ಲಿ ಟ್ರ್ಯಾಪಿನ ಸುತ್ತ ಮೂರು ನಾಲ್ಕು ಟೈಲ್ಸ್ ಒಟ್ಟಿಗೆ ಟೊಳ್ಳಾಗಿದ್ದರೆ ಅದು ಬೇರೆ ಕಥೆ. ಅಲ್ಲಿ ನೀರು ಒಳಗಿಳಿದು ಕೆಳಗಿನ ಮರಳು ಸಿಮೆಂಟನ್ನು ಸಡಿಲ ಮಾಡಿರುವ ಸಾಧ್ಯತೆ ಜಾಸ್ತಿ. ಒಂದು ಟೈಲು ಎತ್ತಿಸಿ ನೋಡಿ. ಕೆಳಗಿನದು ಒಣಗಿ ಗಟ್ಟಿಯಾಗಿದ್ದರೆ ಸರಿ. ಒದ್ದೆ ಮರಳು ಬೆರಳಿಗೆ ಬಂದರೆ ನೆಲದ ಆಸೆ ಬಿಡಿ. ಹಾಗೆಯೇ ಕಾಲಿಟ್ಟು ಭಾರ ಬಿಟ್ಟಾಗ ಜಾಯಿಂಟಿನಿಂದ ನೀರು ಉಕ್ಕುವ ಟೈಲು ಇದ್ದರೂ ಅಷ್ಟೇ.

ಒಟ್ಟು ಲೆಕ್ಕಕ್ಕೆ ನಾನು ಇಟ್ಟುಕೊಂಡಿರುವ ಮಿತಿ ಹತ್ತಕ್ಕೊಂದು. ನಮ್ಮ 40 ಟೈಲಿನ ನೆಲದಲ್ಲಿ ಬಿಡಿಬಿಡಿಯಾಗಿ ಮೂರು ನಾಲ್ಕು ಟೊಳ್ಳು ಇದ್ದರೆ ಅವನ್ನು ತೆಗೆದು, ಗುಂಡಿ ತುಂಬಿ ಮುಂದುವರಿಯಬಹುದು. ಎಂಟು ಹತ್ತು ಇದ್ದರೆ ಉಳಿದವೂ ಅದೇ ದಾರಿಯಲ್ಲಿವೆ ಅಂತಲೇ ಅರ್ಥ. ತೆಗೆಯುವಾಗ ಮೊದಲು ಗ್ರೈಂಡರಿನಿಂದ ಆ ಟೈಲಿನ ಸುತ್ತ ಜಾಯಿಂಟನ್ನು ಕೊಯ್ಯಬೇಕು. ಸುಮ್ನೆ ಸುತ್ತಿಗೆಯಲ್ಲಿ ಹೊಡೆದರೆ ಪಕ್ಕದ ಗಟ್ಟಿ ಟೈಲೂ ಕಿತ್ತು ಬರುತ್ತದೆ. ಗುಂಡಿಯನ್ನು ಸಿಮೆಂಟು ಗಾರೆಯಿಂದ ಹಳೆ ಟೈಲಿನ ಮಟ್ಟಕ್ಕೆ ತುಂಬಿ ಚೆನ್ನಾಗಿ ಗಟ್ಟಿಯಾಗಲು ಬಿಡಿ.

ಯಾವ ಅಂಟು, ಯಾಕೆ

ಬರೀ ಸಿಮೆಂಟು ಹಾಲು ಇಲ್ಲಿ ಯಾಕೆ ಕೆಲಸ ಮಾಡಲ್ಲ? ಇಟ್ಟಿಗೆ, ಗಾರೆ ನೀರು ಹೀರುತ್ತವೆ. ಆ ನೀರಿನ ಜೊತೆ ಸಿಮೆಂಟು ಸಣ್ಣ ರಂಧ್ರಗಳೊಳಗೆ ಇಳಿದು ಬೇರು ಬಿಟ್ಟ ಹಾಗೆ ಹಿಡಿಯುತ್ತದೆ. ಹೊಳೆಯುವ ಹಳೆ ಟೈಲಿನಲ್ಲಿ ರಂಧ್ರವೇ ಇಲ್ಲ. ಒಂದು ಹನಿ ನೀರು ಹಾಕಿ ನೋಡಿ, ಮುತ್ತಿನ ಹಾಗೆ ನಿಂತೇ ಇರುತ್ತದೆ. ಅದಕ್ಕೇ ಪಾಲಿಮರ್ ಜಾಸ್ತಿ ಇರುವ ಅಂಟು ಬೇಕು.

ನಮ್ಮ ದೇಶದ ಮಾನದಂಡ ಐಎಸ್ 15477. ಚೀಲದ ಮೇಲೆ ಅದರ ಟೈಪ್ ನಂಬರ್ ಇರುತ್ತದೆ. ಟೈಪ್ 1 ಸಾದಾ ನೆಲದ ಸೆರಾಮಿಕ್ ಟೈಲ್ಸಿಗೆ. ಅಂಗಡಿಯವರು ಅಗ್ಗಕ್ಕೆ ಕೊಡೋದು ಬಹಳ ಸಲ ಅದೇ, ಅದು ಬೇಡ. ಈ ಕೆಲಸಕ್ಕೆ ಟೈಪ್ 3 ಕೇಳಿ. ಅದರ ಜೊತೆಗೆ ಚೀಲದ ಹಿಂದೆ ಟೈಲ್ ಮೇಲೆ ಟೈಲ್‌ಗೆ ಆಗುತ್ತದೆ ಅಂತ ಸ್ಪಷ್ಟವಾಗಿ ಅಚ್ಚಾಗಿರಬೇಕು. ಅದಿಲ್ಲದಿದ್ದರೆ ಅಂಗಡಿಯವರ ಬಾಯಿಮಾತು ನಂಬಬೇಡಿ. ಕೆಲವು ಚೀಲಗಳಲ್ಲಿ ಯುರೋಪಿನ ಗುರುತೂ ಇರುತ್ತದೆ: ಸಿ2 ಟಿಇ. ಸಿ2 ಅಂದರೆ ಒಂದು ಚದರ ಸೆಂಟಿಮೀಟರಿಗೆ ಕನಿಷ್ಠ ಸುಮಾರು 10 ಕೆ.ಜಿ. ಎಳೆತ ತಡೆಯುವ ಅಂಟು, ಸಿ1ರ ಎರಡು ಪಟ್ಟು. ಟಿ ಅಂದರೆ ಗೋಡೆಯಲ್ಲಿ ಟೈಲು ಕೆಳಗೆ ಜಾರಲ್ಲ. ಇ ಅಂದರೆ ಬಳಿದ ಮೇಲೆ ಟೈಲು ಕೂರಿಸೋದಕ್ಕೆ ಜಾಸ್ತಿ ಹೊತ್ತು ಸಿಗುತ್ತದೆ. ಎಸ್1 ಅಂತಲೂ ಇದ್ದರೆ ಸ್ವಲ್ಪ ಬಾಗುವ ಗುಣ ಇದೆ ಅಂತ. ಎರಡಡಿಗಿಂತ ದೊಡ್ಡ ಟೈಲ್ಸ್ ಹಾಕುವವರು, ಗೀಸರಿನ ಬಿಸಿನೀರು ಸದಾ ಬೀಳುವ ಗೋಡೆ ಇರುವವರು ಇದನ್ನೇ ತಗೊಳ್ಳಿ.

ಎಷ್ಟು ಬೇಕು? 3 ಮಿ.ಮೀ. ದಪ್ಪಕ್ಕೆ 20 ಕೆ.ಜಿ. ಚೀಲ ಒಂದು ಸುಮಾರು 45–50 ಚದರಡಿಗೆ ಬರುತ್ತದೆ. ನಮ್ಮ ನೆಲ ಗೋಡೆ ಸೇರಿ 205 ಚದರಡಿ, ಐದು ಚೀಲ ಹಿಡಿಯಿರಿ. ಮೇಸ್ತ್ರಿ 'ಮೂರು ಸಾಕು, ಸ್ವಲ್ಪ ಸಿಮೆಂಟು ಬೆರೆಸಿಕೊಳ್ತೀನಿ' ಅಂದರೆ ಬೇಡ ಅನ್ನಿ. ಸಿಮೆಂಟು ಬೆರೆಸಿದರೆ ಪಾಲಿಮರಿನ ಪ್ರಮಾಣ ಕೆಟ್ಟು, ನೀವು ದುಡ್ಡು ಕೊಟ್ಟು ತಂದ ಗುಣವೇ ಹೋಗುತ್ತದೆ.

ತೊಳೆದು, ಉಜ್ಜಿ, ಒಂದು ತುಂಡು ಅಂಟಿಸಿ ನೋಡುವುದು

ಬೋರ್‌ವೆಲ್ ನೀರಿನ ಊರುಗಳಲ್ಲಿ ಟೈಲ್ಸ್ ಮೇಲೆ ಬಿಳಿ ಉಪ್ಪಿನ ಪದರ ಇರುತ್ತದೆ, ಅದರ ಮೇಲೆ ಸೋಪಿನ ಜಿಡ್ಡು. ಅಂಟು ಹಿಡಿಯೋದು ಇದಕ್ಕೇ ಹೊರತು ಟೈಲಿಗಲ್ಲ. ಮೊದಲು ಜಿಡ್ಡು ತೆಗೆಯುವ ಸೋಪಿನಿಂದ ಉಜ್ಜಿ, ಉಪ್ಪಿದ್ದ ಕಡೆ ಉಪ್ಪು ತೆಗೆಯುವ ಕ್ಲೀನರ್ ಹಾಕಿ. ಆಮೇಲೆ ಸಾಕಷ್ಟು ನೀರಲ್ಲಿ ತೊಳೆಯಿರಿ. ಆ ಕ್ಲೀನರಿನ ಆಸಿಡ್ ಉಳಿದರೆ ಅದೂ ಅಂಟಿಗೆ ಶತ್ರು. ಮೂಲೆಯ ಹಳೆ ಸಿಲಿಕೋನನ್ನು ಬ್ಲೇಡಿನಿಂದ ಪೂರ್ತಿ ಕೆರೆದು ತೆಗೆಯಿರಿ, ಅದರ ಮೇಲೆ ಯಾವ ಅಂಟೂ ನಿಲ್ಲಲ್ಲ.

ಮುಂದೆ ಹೊಳಪು ಮುರಿಯಬೇಕು. ಉಳಿ, ಸುತ್ತಿಗೆ ಹಿಡಿದು ಟೈಲ್ಸ್ ಮೇಲೆಲ್ಲ ಗುಳಿ ಹೊಡೆಯುವ ಪದ್ಧತಿ ನಮ್ಮಲ್ಲಿ ಇದೆ. ನನಗೆ ಅದು ಸ್ವಲ್ಪವೂ ಒಪ್ಪಿಗೆಯಿಲ್ಲ. ಪ್ರತಿ ಏಟಿಗೂ ಹಿಂದಿನ ಸಿಮೆಂಟು ಸಡಿಲವಾಗುತ್ತದೆ. ನಾಣ್ಯ ತಟ್ಟಿ ಗಟ್ಟಿ ಅಂತ ಪಾಸು ಮಾಡಿದ ಟೈಲನ್ನು ನಾವೇ ಟೊಳ್ಳು ಮಾಡಿದ ಹಾಗೆ. ಗ್ರೈಂಡರಿಗೆ ಡೈಮಂಡ್ ಕಪ್ ಹಾಕಿ ಮೇಲ್ಮೈಯನ್ನು ಹಗುರವಾಗಿ ತರಿದರೆ ಸಾಕು. ಧೂಳು ಶ್ವಾಸಕೋಶಕ್ಕೆ ಕೆಟ್ಟದ್ದು, ಮಾಸ್ಕ್ ಇಲ್ಲದೆ ಯಾರೂ ಮಾಡಬಾರದು. ತರಿಯೋದು ಬೇಡ ಅನ್ನುವವರಿಗೆ ಮರಳಿನಂಥ ಕಣ ಬೆರೆತ ಪ್ರೈಮರ್ ಸಿಗುತ್ತದೆ. ಬಳಿದು ಒಣಗಿದ ಮೇಲೆ ಕೈಯಾಡಿಸಿದರೆ ಉಪ್ಪುಕಾಗದದ ಹಾಗೆ ತರಿತರಿ ಇರಬೇಕು. ಅಂಟು ಯಾವ ಕಂಪನಿಯದೋ ಪ್ರೈಮರೂ ಅದೇ ಕಂಪನಿಯದಿರಲಿ.

ಟೈಲ್ಸ್ ತರಿಸುವ ಮೊದಲೇ ಮಾಡಬಹುದಾದ ಒಂದು ಪರೀಕ್ಷೆ ಇದೆ, ಯಾರೂ ಮಾಡಲ್ಲ. ಅಂಗೈಯಷ್ಟು ದೊಡ್ಡ ಟೈಲಿನ ತುಂಡನ್ನು ಹೀಗೆ ತಯಾರಿಸಿದ ಹಳೆ ಟೈಲಿನ ಮೇಲೆ ಅದೇ ಅಂಟಿನಿಂದ ಅಂಟಿಸಿ. ಗೋಡೆಯಲ್ಲಿ ಒಂದು, ನೆಲದಲ್ಲಿ ಒಂದು. ನಾಲ್ಕೈದು ದಿನ ಬಿಟ್ಟು ಉಳಿ ಹಾಕಿ ಮೀಟಿ ಎಬ್ಬಿಸಿ. ಎಲ್ಲಿ ಕಿತ್ತು ಬಂತು ಅನ್ನೋದನ್ನು ನೋಡಿ. ಅಂಟು ಹಳೆ ಟೈಲಿನಿಂದ ಸಿಪ್ಪೆ ಸುಲಿದಂತೆ ನುಣ್ಣಗೆ ಬಂದರೆ ತೊಳೆದದ್ದೋ ಉಜ್ಜಿದ್ದೋ ಸಾಲದು. ಹಳೆ ಟೈಲೇ ಗೋಡೆಯಿಂದ ಕಿತ್ತು ಬಂದರೆ ಆ ಗೋಡೆ ಹೊಸ ಭಾರ ಹೊರಲ್ಲ, ಒಡೆಯಿರಿ. ತುಂಡು ಪುಡಿಪುಡಿಯಾಗಿ, ಅಂಟು ಎರಡೂ ಕಡೆ ಹರಿದು ಉಳಿದರೆ ಧೈರ್ಯವಾಗಿ ಮುಂದುವರಿಯಿರಿ.

ಕೂರಿಸುವುದು

ಗೋಡೆಯ ಕೆಲಸವನ್ನು ಕೆಳಗಿನ ಮೊದಲ ಸಾಲು ಬಿಟ್ಟು, ಎರಡನೇ ಸಾಲಿನಿಂದ ಶುರುಮಾಡಿಸಿ. ಮಟ್ಟಕ್ಕೆ ಒಂದು ನೇರ ಪಟ್ಟಿ ಬಿಗಿದು ಅದರ ಮೇಲೆ ಕೂರಿಸುತ್ತ ಹೋಗಬೇಕು. ಆಮೇಲೆ ನೆಲ, ಕೊನೆಗೆ ಬಿಟ್ಟ ಸಾಲು. ಹೀಗೆ ಮಾಡಿದರೆ ಗೋಡೆಯ ಟೈಲು ನೆಲದ ಟೈಲಿನ ಮೇಲೆ ನಿಲ್ಲುತ್ತದೆ, ಗೋಡೆಯಿಂದ ಇಳಿದ ನೀರು ನೆಲದ ಮೇಲೇ ಬೀಳುತ್ತದೆ.

ಅಂಟು ಕಲಸುವಾಗ ನೀರನ್ನು ಚೀಲದ ಮೇಲೆ ಬರೆದ ಲೆಕ್ಕದಲ್ಲೇ ಅಳೆದು ಹಾಕಿ, ಅಂದಾಜಿಗೆ ಬೇಡ. ಕಲಸಿ ಐದು ನಿಮಿಷ ಬಿಟ್ಟು ಮತ್ತೆ ಕಲಸಬೇಕು. ಗಟ್ಟಿಯಾಗತೊಡಗಿದ ಅಂಟಿಗೆ ನೀರು ಸೇರಿಸಿ ಮೆತ್ತಗೆ ಮಾಡಬಾರದು, ಎಸೆಯಬೇಕು. ಬಳಿಯುವಾಗ ಮೊದಲು ಕರಣೆಯ ಚಪ್ಪಟೆ ಕಡೆಯಿಂದ ತೆಳ್ಳಗೆ ಒತ್ತಿ ಸವರಿ. ಅದರ ಮೇಲೆ ಮತ್ತಷ್ಟು ಹಾಕಿ, ಹಲ್ಲಿನ ಕರಣೆಯಿಂದ ಒಂದೇ ದಿಕ್ಕಿಗೆ ಗೀರು ಎಳೆಯಿರಿ. ಸುರುಳಿ ಸುರುಳಿಯಾಗಿ ಎಳೆದರೆ ಗಾಳಿ ಒಳಗೇ ಸಿಕ್ಕಿಬೀಳುತ್ತದೆ. ಒಂದಡಿ ಟೈಲಿಗೆ 6 ಮಿ.ಮೀ. ಹಲ್ಲು ಸಾಕು, ಒಂದಡಿ ಎರಡಡಿಯದಕ್ಕೆ 8 ಅಥವಾ 10, ಜೊತೆಗೆ ಟೈಲಿನ ಬೆನ್ನಿಗೂ ತೆಳ್ಳಗೆ ಸವರಬೇಕು. ಕೂರಿಸಿ ಗೀರಿಗೆ ಅಡ್ಡಲಾಗಿ ಅತ್ತಿತ್ತ ಜಾರಿಸಿ ಒತ್ತಿ. ನಾಲ್ಕು ಮೂಲೆಗೆ ಮುದ್ದೆ ಇಟ್ಟು ಒತ್ತುವ ಮೇಸ್ತ್ರಿಯನ್ನು ಅಲ್ಲೇ ನಿಲ್ಲಿಸಿ. ಹಳೆ ಗೋಡೆಯಲ್ಲಿ ನೀವು ನಾಣ್ಯದಿಂದ ಹುಡುಕಿದ ಟೊಳ್ಳು ಹುಟ್ಟಿದ್ದು ಹಾಗೇ.

ಬಳಿದ ಅಂಟಿನ ಮೇಲೆ ಬೆರಳು ಒತ್ತಿದರೆ ಬೆರಳಿಗೆ ಮೆತ್ತಿಕೊಳ್ಳಬೇಕು. ಮೆತ್ತದಿದ್ದರೆ ಮೇಲೆ ಕೆನೆ ಕಟ್ಟಿದೆ ಅಂತ, ಕೆರೆದು ಹೊಸದು ಬಳಿಯಬೇಕು. ಶುರುವಿನಲ್ಲೇ ಕೂರಿಸಿದ ಒಂದು ಟೈಲನ್ನು ಎಬ್ಬಿಸಿ ಬೆನ್ನು ನೋಡಿ. ಬಾತ್‌ರೂಮಿನಲ್ಲಿ ಬೆನ್ನಿನ ಶೇ 95 ಭಾಗ ಅಂಟು ಹಿಡಿದಿರಬೇಕು, ಮೂಲೆ ಖಾಲಿ ಇರಬಾರದು. ಜಾಯಿಂಟಿಗೆ 2–3 ಮಿ.ಮೀ. ಸ್ಪೇಸರ್ ಇರಲಿ. ಅಂಟು ಹಾಕುವಾಗ ಟೈಲ್ಸನ್ನು ನೀರಲ್ಲಿ ನೆನೆಸುವುದು, ಆಮೇಲೆ ನೀರು ಹೊಡೆದು ಕ್ಯೂರಿಂಗ್ ಮಾಡುವುದು ಎರಡೂ ಬೇಡ.

ಟ್ರ್ಯಾಪು, ನಲ್ಲಿ, ಕಮೋಡು

ಎಲ್ಲರೂ ಮರೆಯುವ ಜಾಗ ನಹಾನಿ ಟ್ರ್ಯಾಪು. ನೆಲ 12 ಮಿ.ಮೀ. ಏರಿದ ಮೇಲೆ ಹಳೆ ಜಾಲಿ ಗುಂಡಿಯಲ್ಲಿ ಉಳಿಯುತ್ತದೆ. ಗುಂಡಿಯ ಸುತ್ತಲಿನ ಗೋಡೆಯಲ್ಲಿ ಹಳೆ ಟೈಲು, ಅಂಟು, ಹೊಸ ಟೈಲು ಮೂರರ ಅಂಚೂ ತೆರೆದು ಕಾಣುತ್ತದೆ. ಆ ಅಂಟಿನ ಗೆರೆಯಲ್ಲಿ ನೀರು ಎರಡು ಟೈಲಿನ ನಡುವೆ ನುಗ್ಗಿದರೆ ಹೊರಗೆ ಬರುವ ದಾರಿಯಿಲ್ಲ, ಕೆಲವು ತಿಂಗಳಲ್ಲಿ ವಾಸನೆ ಶುರು. ಹಾಗಾಗಿ ಹಳೆ ಜಾಲಿ ಫ್ರೇಮ್ ತೆಗೆಸಿ, ಕಾಲರ್ ಏರಿಸಿ, ಹೊಸ ಫ್ರೇಮನ್ನು ಹೊಸ ಟೈಲಿನ ಮಟ್ಟಕ್ಕಿಂತ ಒಂದು ಮಿ.ಮೀ. ತಗ್ಗಿಗೆ ಕೂರಿಸಿ. ಒಳಗಿನ ಅಂಚಿಗೆಲ್ಲ ಎಪಾಕ್ಸಿ ಗ್ರೌಟ್ ತುಂಬಿಸಿ.

ಗೋಡೆಯೂ 12 ಮಿ.ಮೀ. ಮುಂದೆ ಬಂದಿರುವುದರಿಂದ ನಲ್ಲಿಗಳಿಗೆ ಎಕ್ಸ್‌ಟೆನ್ಷನ್ ನಿಪ್ಪಲ್ ಬೇಕು. ಗೋಡೆಯೊಳಗಿನ ಡೈವರ್ಟರ್ ಇದ್ದರೆ ಅದಕ್ಕೆ ಎಕ್ಸ್‌ಟೆನ್ಷನ್ ಕಿಟ್ ಸಿಗುತ್ತದಾ ಅಂತ ಮೊದಲೇ ವಿಚಾರಿಸಿ. ಹಳೆ ಮಾಡೆಲ್‌ಗಳಿಗೆ ಸಿಗದೆ ಗೋಡೆ ಕೊರೆಯಬೇಕಾದ ಸಂದರ್ಭ ಬರುತ್ತದೆ. ಸ್ವಿಚ್ ಬಾಕ್ಸಿಗೆ ಉದ್ದ ಸ್ಕ್ರೂ ಸಾಕು. ಗೀಸರ್ ಇಳಿಸಿಯೇ ಕೆಲಸ ಮಾಡಿಸಿ, ಮತ್ತೆ ಹಾಕುವಾಗ ಆಂಕರ್ ಎರಡೂ ಟೈಲು ದಾಟಿ ಗೋಡೆಯೊಳಗೆ ಇಳಿಯುವಷ್ಟು ಉದ್ದ ಇರಲಿ. ಡ್ರಿಲ್ಲನ್ನು ಟೈಲ್ಸ್ ದಾಟುವವರೆಗೆ ಹ್ಯಾಮರ್ ಇಲ್ಲದೆ ಓಡಿಸಬೇಕು. ಬಾಗಿಲು ಒಳಗೆ ತೆರೆಯುವಂಥದ್ದಾದರೆ ಕೆಳಗೆ ಕೊಯ್ಯಬೇಕಾಗುತ್ತದೆ. ಡಬ್ಲ್ಯುಪಿಸಿ ಬಾಗಿಲು ಸುಲಭ. ಒಳಗೆ ಟೊಳ್ಳಿರುವ ಪಿವಿಸಿ ಬಾಗಿಲು ಕೊಯ್ದರೆ ತಳ ತೆರೆದುಕೊಳ್ಳುತ್ತದೆ, ಮತ್ತೆ ಮುಚ್ಚಿಸಬೇಕು.

ಕಮೋಡನ್ನು ಇದ್ದಲ್ಲೇ ಬಿಟ್ಟು ಸುತ್ತ ಟೈಲ್ಸ್ ಕತ್ತರಿಸಿ ಕೂರಿಸೋದು ಕಳ್ಳದಾರಿ. ತೆಗೆಸಿಯೇ ಕೆಲಸ ಆಗಬೇಕು. ಗೋಡೆಗೆ ಪೈಪ್ ಹೋಗುವ ಕಮೋಡಾದರೆ ನೆಲ ಏರಿದಷ್ಟು ಅದರ ಬಾಯಿ ಪೈಪಿಗಿಂತ ಮೇಲೆ ಹೋಗುತ್ತದೆ, ಬಾಗುವ ಪ್ಯಾನ್ ಕನೆಕ್ಟರ್ ಹಾಕಿದರೆ ಸರಿಹೋಗುತ್ತದೆ. ನೆಲಕ್ಕೆ ಇಳಿಯುವ ಕಮೋಡಾದರೆ ಹಿಂದಿನ ಗೋಡೆಯಿಂದ ಪೈಪಿನ ನಡುವಿಗೆ ಇದ್ದ ದೂರ 12 ಮಿ.ಮೀ. ಕಡಿಮೆಯಾಗಿರುತ್ತದೆ. ಟ್ಯಾಂಕಿನ ಹಿಂದೆ ಅಷ್ಟು ಜಾಗ ಇದೆಯಾ ಅಂತ ಟೈಲ್ಸ್ ಆರ್ಡರ್ ಮಾಡುವ ಮೊದಲೇ ನೋಡಿ.

ಗ್ರೌಟಿಗೆ ಅವಸರ ಮಾಡಬೇಡಿ. ಕೆಳಗೂ ಟೈಲು, ಮೇಲೂ ಟೈಲು, ನಡುವಿನ ಅಂಟಿನ ನೀರು ಹೋಗಬೇಕಾದ್ದು ಜಾಯಿಂಟಿನಿಂದ ಮಾತ್ರ. ಮಾಮೂಲಿ ಗಾರೆಯ ಮೇಲೆ ಒಂದು ದಿನ ಸಾಕಾದರೆ ಇಲ್ಲಿ ಮೂರು ದಿನ ಬಿಡಿ. ಗ್ರೌಟ್ ತುಂಬುವ ಮೊದಲು ಹೊಸ ಟೈಲ್ಸನ್ನೂ ಅದೇ ನಾಣ್ಯದಿಂದ ತಟ್ಟಿ ನೋಡಿ, ಟೊಳ್ಳು ಸಿಕ್ಕರೆ ಬದಲಾಯಿಸೋದು ಈಗಲೇ ಸುಲಭ. ನೆಲಕ್ಕೆ ಎಪಾಕ್ಸಿ ಗ್ರೌಟ್, ಗೋಡೆ ಗೋಡೆ ಸೇರುವ ಮೂಲೆಗೂ ಗೋಡೆ ನೆಲ ಸೇರುವ ಮೂಲೆಗೂ ಫಂಗಸ್ ತಡೆಯುವ ಸಿಲಿಕೋನ್. ಕಮೋಡಿನ ಬೋಲ್ಟಿಗೆ ತೋಡಿದ ರಂಧ್ರದೊಳಗೂ ಸಿಲಿಕೋನ್ ತುಂಬಿಸಿಯೇ ಬೋಲ್ಟ್ ಬಿಗಿಸಿ, ಮತ್ತು ಸ್ನಾನಕ್ಕೆ ಬಿಡುವ ಮೊದಲು ಒಂದು ವಾರ ಬೇರೆ ಬಾತ್‌ರೂಮಿನ ವ್ಯವಸ್ಥೆ ಇಟ್ಟುಕೊಳ್ಳಿ.